ಟೈರಿಗೊಂದು ಪುಟ: ಸಣ್ಣ ಸಾರಿಗೆ ವ್ಯವಹಾರದಲ್ಲಿ ಟೈರ್ ಲೆಕ್ಕ ಇಡುವ ಕ್ರಮ

ಕೊಪ್ಪಳದಲ್ಲಿ ನಮ್ಮದು ಐದು ಗಾಡಿಗಳ ವ್ಯವಹಾರ. ಮೂರು ಲಾರಿಗಳು ಗಂಗಾವತಿ ಮತ್ತು ಕಾರಟಗಿಯ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಹೊರ ಜಿಲ್ಲೆಗಳಿಗೆ ಹೋಗುತ್ತವೆ. ಎರಡು ಟಿಪ್ಪರುಗಳು ಸಂಡೂರಿನ ಕಡೆಯಿಂದ ಗಿಣಿಗೇರಾಕ್ಕೆ ಅದಿರು ಸಾಗಿಸುತ್ತವೆ. ಐದೂ ಹತ್ತು ಚಕ್ರದ ಗಾಡಿಗಳಾದ್ದರಿಂದ, ಸ್ಟೆಪ್ನಿಗಳನ್ನು ಸೇರಿಸಿದರೆ ಯಾವಾಗಲೂ 55 ಟೈರುಗಳು ನಮ್ಮ ಕೈಯಲ್ಲಿರುತ್ತವೆ. ಬಹಳ ವರ್ಷ ಇವುಗಳಿಗೆ ಇದ್ದ ಲೆಕ್ಕವೆಂದರೆ ತಂತಿಗೆ ಚುಚ್ಚಿಟ್ಟ ಬಿಲ್ಲುಗಳ ಕಂತೆ ಮಾತ್ರ. ವರ್ಷದ ಕೊನೆಗೆ ಟೈರಿಗೆ ಎಷ್ಟು ಹಣ ಹೋಯಿತೆಂದು ಆ ಕಂತೆ ಹೇಳುತ್ತಿತ್ತು. ಯಾವ ಟೈರು ಎಷ್ಟು ಓಡಿತು, ಯಾವುದು ಅರ್ಧ ಆಯುಷ್ಯದಲ್ಲೇ ಏಕೆ ಹೋಯಿತು ಎಂಬುದನ್ನು ಹೇಳುತ್ತಿರಲಿಲ್ಲ.

ಈ ಕೊರತೆಯ ಬೆಲೆ ನಮಗೆ ತಿಳಿದದ್ದು, ಸವೆದ ಟೈರಿಗೆ ನೆಲ ತಾಗುವ ಹೊಸ ಟ್ರೆಡ್ ಪಟ್ಟಿ ಅಂಟಿಸುವ ರೀಸೋಲ್‌ಗೆ ಕೊಟ್ಟ ಆರು ಟೈರುಗಳು ವಾಪಸು ಬಂದ ದಿನ. ಇಳಿಸಿಕೊಳ್ಳುತ್ತಿದ್ದ ನಮ್ಮ ಹಳೆಯ ಡ್ರೈವರು ಒಂದು ಟೈರಿನ ಒಳಗೆ ಕೈ ಹಾಕಿ ಸವರಿ, "ಇದು ನಮ್ಮದಲ್ರೀ ಅಣ್ಣಾರ, ನಮ್ಮ ಟೈರಿಗೆ ಎಲ್ಲೂ ಪ್ಯಾಚ್ ಇರಲಿಲ್ಲ" ಎಂದರು. ಒಳಗೆ ಅಂಗೈಯಗಲದ ಹಳೆಯ ಪ್ಯಾಚ್ ಇತ್ತು. ಅಂಗಡಿಯವರು ಅದು ನಮ್ಮದೇ ಎಂದರು. ನಾವು ಕೊಟ್ಟ ಟೈರಿನ ನಂಬರನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತು. ಟ್ರೆಡ್ಡಿನ ಕೆಳಗಿನ ಟೈರಿನ ಒಡಲನ್ನು ಕೇಸಿಂಗ್ ಎನ್ನುತ್ತೇವೆ. ಗಟ್ಟಿ ಕೇಸಿಂಗ್ ಒಂದನ್ನು ಕೊಟ್ಟು, ಯಾರದೋ ತೇಪೆ ಹಾಕಿದ ಕೇಸಿಂಗನ್ನು ದುಡ್ಡು ಕೊಟ್ಟು ಮನೆಗೆ ತಂದಂತಾಯಿತು. ಅಂದಿನಿಂದ ಇಟ್ಟುಕೊಂಡು ಬಂದಿರುವ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಲೆಕ್ಕ ಟೈರಿನ ಹೆಸರಿನಲ್ಲಿರಲಿ

ಹೆಚ್ಚಿನವರು ಗಾಡಿಯ ಹೆಸರಿನಲ್ಲಿ ಟೈರ್ ಖರ್ಚು ಬರೆಯುತ್ತಾರೆ. ಆದರೆ ಟೈರು ಒಂದೇ ಗಾಡಿಯಲ್ಲಿ ಉಳಿಯುವುದಿಲ್ಲ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಸ್ಟೆಪ್ನಿಗೆ, ಅಲ್ಲಿಂದ ರೀಸೋಲ್ ಅಂಗಡಿಗೆ, ಮರಳಿ ಬಂದ ಮೇಲೆ ಬೇರೊಂದು ಗಾಡಿಗೆ ಅದು ಹೋಗುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ಪ್ರತಿ ಟೈರಿಗೂ ಒಂದು ಸ್ವಂತ ನಂಬರ್ ಕೊಟ್ಟು, ಉದ್ದನೆಯ ಲೆಡ್ಜರಿನಲ್ಲಿ ಅದಕ್ಕೆಂದೇ ಒಂದು ಪುಟ ತೆರೆಯುವುದು. ನಾವು ಖರೀದಿಸಿದ ವರ್ಷದ ಕೊನೆಯ ಎರಡು ಅಂಕಿ ಮತ್ತು ಆ ವರ್ಷದ ಕ್ರಮಸಂಖ್ಯೆಯನ್ನು ಜೋಡಿಸುತ್ತೇವೆ. 21-07 ಎಂದರೆ 2021ರಲ್ಲಿ ತಂದ ಏಳನೆಯ ಟೈರು.

ಈ ನಂಬರನ್ನು ಬಣ್ಣದಲ್ಲಿ ಬರೆದರೆ ಒಂದು ಮಳೆಗಾಲವೂ ಉಳಿಯುವುದಿಲ್ಲ. ರೀಸೋಲ್ ಆದ ಮೇಲೆ ಬಳಿಯುವ ಕಪ್ಪು ಬಣ್ಣದಡಿಯಲ್ಲಿ ಮುಚ್ಚಿಹೋಗುವುದೂ ಉಂಟು. ಕಾಯಿಸಿದ ಅಂಕಿಯ ಅಚ್ಚಿನಿಂದ ಟೈರಿನ ಪಕ್ಕೆಯ ಮೇಲೆ ಒತ್ತುವುದೇ ಸರಿಯಾದ ಮಾರ್ಗ. ಹಾಗೆ ಒತ್ತುವಾಗ ಎರಡು ಎಚ್ಚರಿಕೆಗಳು ಬೇಕು. ಅಚ್ಚು ಒಂದು ಮಿಲಿಮೀಟರಿಗಿಂತ ಆಳಕ್ಕೆ ಇಳಿಯಬಾರದು. ಮತ್ತು ಪಕ್ಕೆಯ ನಟ್ಟನಡುವೆ, ಅಂದರೆ ಭಾರ ಬಿದ್ದಾಗ ಅತಿ ಹೆಚ್ಚು ಬಾಗುವ ಜಾಗದಲ್ಲಿ ಒತ್ತಬಾರದು. ರೇಡಿಯಲ್ ಟೈರಿನ ಪಕ್ಕೆ ತೆಳುವಾಗಿರುವುದರಿಂದ ಈ ಎರಡನೆಯದು ಮುಖ್ಯ. ಅಚ್ಚೊತ್ತಲೆಂದೇ ಕಂಪನಿ ಜಾಗ ಬಿಟ್ಟಿದ್ದರೆ ಅಲ್ಲಿಯೇ ಒತ್ತಿರಿ.

ಪುಟದ ತಲೆಯಲ್ಲಿ ನಮ್ಮ ನಂಬರಿನ ಜೊತೆಗೆ ಕಂಪನಿಯ ಹೆಸರು, ಅಳತೆ, ಟೈರಿನ ಮೇಲೆ ಅಚ್ಚಾಗಿರುವ ಕಂಪನಿಯ ಸೀರಿಯಲ್ ನಂಬರ್, ತಯಾರಾದ ವಾರ ಮತ್ತು ವರ್ಷವನ್ನು ತೋರಿಸುವ ನಾಲ್ಕು ಅಂಕಿಗಳು, ಖರೀದಿಯ ಬೆಲೆ, ಹೊಸದರಲ್ಲಿ ಟ್ರೆಡ್‌ನ ಆಳ, ಇಷ್ಟನ್ನು ಬರೆಯಿರಿ. ನಾಲ್ಕು ಅಂಕಿಗಳಲ್ಲಿ 2321 ಎಂದಿದ್ದರೆ 2021ರ 23ನೇ ವಾರ ಎಂದರ್ಥ. ಕೇಸಿಂಗ್‌ಗೆ ಇನ್ನೊಂದು ರೀಸೋಲ್ ಹಾಕಿಸಬೇಕೇ ಬೇಡವೇ ಎಂದು ಮುಂದೆ ಯೋಚಿಸುವಾಗ ಈ ವಯಸ್ಸು ಬೇಕಾಗುತ್ತದೆ.

ನಂತರ ಜಾಗದ ಹೆಸರು. ಎಡ, ಬಲ ಎಂದರೆ ಎದುರು ನಿಂತವನಿಗೆ ಒಂದು, ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಇನ್ನೊಂದು. ಡ್ರೈವರ್ ಸೈಡ್, ಕ್ಲೀನರ್ ಸೈಡ್ ಎಂದರೆ ಯಾರಿಗೂ ಗೊಂದಲವಿಲ್ಲ. ಅದಕ್ಕೆ ಆಕ್ಸಲಿನ ಸಂಖ್ಯೆಯನ್ನೂ, ಜೋಡಿ ಟೈರಾದರೆ ಒಳಗಿನದೋ ಹೊರಗಿನದೋ ಎಂಬುದನ್ನೂ ಸೇರಿಸಿ. ನಮ್ಮ ಪುಸ್ತಕದಲ್ಲಿ "ಕ್ಲೀ3ಒ" ಎಂದಿದ್ದರೆ ಕ್ಲೀನರ್ ಬದಿಯ ಮೂರನೇ ಆಕ್ಸಲಿನ ಒಳಗಿನ ಟೈರು.

ಟೈರು ಗಾಡಿಗೆ ಏರಿದ ದಿನ ಮೀಟರಿನ ಅಂಕಿ, ಇಳಿದ ದಿನ ಮತ್ತೆ ಮೀಟರಿನ ಅಂಕಿ. ಇವೆರಡರ ವ್ಯತ್ಯಾಸವೇ ಆ ಟೈರಿನ ಓಟ. ಸ್ಟೆಪ್ನಿಯಾಗಿ ತೂಗಾಡಿಕೊಂಡು ಹೋದ ಕಿಲೋಮೀಟರುಗಳನ್ನು ಸೇರಿಸಬಾರದು. ಮೀಟರು ಕೆಟ್ಟು ನಿಂತಿರುವ ಗಾಡಿಯಿದ್ದರೆ ಟ್ರಿಪ್ ಶೀಟಿನ ದೂರವನ್ನಾದರೂ, ಜಿಪಿಎಸ್‌ನ ಅಂಕಿಯನ್ನಾದರೂ ಹಿಡಿಯಿರಿ. ಆದರೆ ಒಂದು ಗಾಡಿಗೆ ಯಾವುದನ್ನು ಹಿಡಿದಿರೋ ಕೊನೆಯವರೆಗೂ ಅದನ್ನೇ ಹಿಡಿಯಿರಿ. ಲೆಕ್ಕ ತಪ್ಪುವುದು ಹೆಚ್ಚಾಗಿ ರಾತ್ರಿಯ ಪಂಚರಿನಲ್ಲಿ. ದಾರಿಯ ಮೇಲೆ ಟೈರ್ ಬದಲಿಸಿದ ಡ್ರೈವರು ಊರಿಗೆ ಬರುವಷ್ಟರಲ್ಲಿ ಯಾವುದು ಎಲ್ಲಿತ್ತೆಂಬುದನ್ನು ಮರೆತಿರುತ್ತಾರೆ. ಇಳಿಸಿದ ಟೈರಿನ ನಂಬರು, ಏರಿಸಿದ ಟೈರಿನ ನಂಬರು ಮತ್ತು ಮೀಟರು, ಈ ಮೂರರ ಫೋಟೋವನ್ನು ಅಲ್ಲಿಂದಲೇ ವಾಟ್ಸಾಪ್‌ನಲ್ಲಿ ಕಳಿಸುವುದು ನಮ್ಮಲ್ಲಿ ಕಡ್ಡಾಯ. ಈ ಒಂದು ಅಭ್ಯಾಸ ಕೂಡಿಬರಲು ನಾಲ್ಕೈದು ತಿಂಗಳು ಹಿಡಿಯಿತು, ಆದರೆ ಅದಿಲ್ಲದಿದ್ದರೆ ಉಳಿದ ಬರವಣಿಗೆಗೆ ಅರ್ಥವೇ ಇರುತ್ತಿರಲಿಲ್ಲ.

ಗಾಳಿ: ಹಿಡಿಸಿದ್ದಷ್ಟೇ ಅಲ್ಲ, ಇದ್ದದ್ದನ್ನೂ ಬರೆಯಿರಿ

ನಮ್ಮ ಕಡೆ ಡ್ರೈವರುಗಳು ಗಾಡಿ ಹೊರಡಿಸುವ ಮುನ್ನ ರಾಡಿನಿಂದ ಟೈರುಗಳನ್ನು ಬಡಿದು ಸದ್ದು ಕೇಳುತ್ತಾರೆ. "ಬಡದ ನೋಡೀನ್ರೀ, ಗಾಳಿ ಬರೋಬ್ಬರಿ ಐತಿ" ಎನ್ನುತ್ತಾರೆ. ಪೂರ್ತಿ ಕುಳಿತ ಟೈರನ್ನು ಈ ಪರೀಕ್ಷೆ ಹಿಡಿಯುತ್ತದೆ. ಆದರೆ 110 ಪಿಎಸ್ಐ ಇರಬೇಕಾದ ಟೈರು 85ಕ್ಕೆ ಇಳಿದಿದ್ದರೆ ಸದ್ದಿನಲ್ಲಿ ತಿಳಿಯುವಷ್ಟು ವ್ಯತ್ಯಾಸವಿರುವುದಿಲ್ಲ, ಮತ್ತು ಕೇಸಿಂಗನ್ನು ಕೊಲ್ಲುವುದು ಹೆಚ್ಚಾಗಿ ಇಂಥ ಅರೆಬರೆ ಕೊರತೆಯೇ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಆ ಬಿಸಿಗೆ ಒಳಗಿನ ಪದರಗಳು ಒಂದರಿಂದೊಂದು ಬಿಡತೊಡಗುತ್ತವೆ. ಮೇಲೆ ನೋಡಿದರೆ ಟೈರು ಸರಿಯಾಗಿಯೇ ಕಾಣುತ್ತದೆ. ಗೊತ್ತಾಗುವುದು ರೀಸೋಲ್ ಅಂಗಡಿಯಲ್ಲಿ ಅದನ್ನು ತಿರಸ್ಕರಿಸಿದಾಗ.

ಗೇಜು ಹಿಡಿಯಬೇಕಾದದ್ದು ತಣ್ಣಗಿರುವ ಟೈರಿಗೆ, ಅಂದರೆ ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ. ನಾವು ಸೋಮವಾರ ಬೆಳಗ್ಗೆ ಬಿಸಿಲೇರುವ ಮೊದಲು ನೋಡುತ್ತೇವೆ. ಆ ದಿನ ಹೊರಗಿದ್ದ ಗಾಡಿಯನ್ನು ಅದು ಬಂದು ನಿಂತ ಮರುದಿನ ಬೆಳಗ್ಗೆ. ಬಿಸಿಲು ಬಿದ್ದ ಮೇಲೆ ನೋಡಿದರೆ ಪೂರ್ವಕ್ಕೆ ಮುಖ ಮಾಡಿದ ಬದಿಯ ಟೈರುಗಳು ನೆರಳಿನ ಬದಿಗಿಂತ ಹೆಚ್ಚು ತೋರಿಸುತ್ತವೆ. ನೂರರ ಆಸುಪಾಸಿನ ಒತ್ತಡದಲ್ಲಿ ಪ್ರತಿ 5–6 ಡಿಗ್ರಿ ಉಷ್ಣತೆಗೆ ಸುಮಾರು 2 ಪಿಎಸ್ಐ ಏರುತ್ತದೆ. ಓಡಿ ಬಂದ ಟೈರಿನಲ್ಲಿ 110 ಇದ್ದದ್ದು 125 ಆಗಿರುವುದು ಸಹಜ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಹೆದರಿ ಕೆಲವರು ಬಿಸಿ ಟೈರಿನಿಂದ ಗಾಳಿ ಬಿಡುತ್ತಾರೆ. ಇದು ದೊಡ್ಡ ತಪ್ಪು. ಬಿಟ್ಟ ಟೈರು ತಣ್ಣಗಾದಾಗ 95ಕ್ಕೆ ಇಳಿದಿರುತ್ತದೆ. ಮರುದಿನ ಭಾರ ಹೊತ್ತು ಓಡುವಾಗ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಎಷ್ಟು ಗಾಳಿ ಹಾಕಬೇಕೆಂಬುದನ್ನು ಪಂಚರ್ ಅಂಗಡಿಯವರ ರೂಢಿಗೆ ಬಿಡಬೇಡಿ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಭಾರ ಮತ್ತು ಒತ್ತಡದ ಅಂಕಿಗಳು ಹಾಗೂ ಟೈರ್ ಕಂಪನಿ ಕೊಡುವ ಪಟ್ಟಿಯನ್ನು ನೋಡಿ, ಪ್ರತಿ ಗಾಡಿಯ ಪ್ರತಿ ಆಕ್ಸಲಿಗೆ ಒಂದು ಅಂಕಿ ನಿಗದಿ ಮಾಡಿ ಕ್ಯಾಬಿನ್ನಿನ ಬಾಗಿಲಿನ ಒಳಬದಿಯಲ್ಲಿ ಬರೆಸಿ.

ಪುಟದಲ್ಲಿ ಗಾಳಿಗೆ ಎರಡು ಕಾಲಮುಗಳಿರಬೇಕು: ನೋಡಿದಾಗ ಎಷ್ಟಿತ್ತು, ಹಿಡಿಸಿದ ಮೇಲೆ ಎಷ್ಟಾಯಿತು. ಹಿಡಿಸಿದ್ದನ್ನು ಮಾತ್ರ ಬರೆದರೆ ಪುಟದ ತುಂಬ 110, 110, 110 ಎಂದು ಕಾಣುತ್ತದೆ ಮತ್ತು ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಒಂದು ಟಿಪ್ಪರಿನ ಕ್ಲೀ2ಒ ಜಾಗದ ಟೈರು ನಾಲ್ಕು ಸೋಮವಾರಗಳಲ್ಲಿ 101, 99, 102, 98 ತೋರಿಸಿತ್ತು. ಪ್ರತಿ ವಾರ ಹತ್ತು ಪಿಎಸ್ಐ ಸೋರುತ್ತಿದೆಯೆಂದು ಮೊದಲ ಕಾಲಮೇ ಹೇಳಿತು. ಬಿಚ್ಚಿಸಿ ನೋಡಿದರೆ ವಾಲ್ವಿಗೆ ಜೋಡಿಸಿದ ಉದ್ದನೆಯ ಎಕ್ಸ್‌ಟೆನ್ಶನ್ ಸಡಿಲವಾಗಿತ್ತು. ಅಲ್ಲಿಂದೀಚೆಗೆ, ಒಂದೇ ಟೈರು ಸತತ ಎರಡು ವಾರ ಐದು ಪಿಎಸ್ಐಗಿಂತ ಹೆಚ್ಚು ಕೇಳಿದರೆ ಗಾಳಿ ಹಿಡಿಸಿ ಸುಮ್ಮನಾಗದೆ ಬಿಚ್ಚಿಸಿ ನೋಡುತ್ತೇವೆ. ಒಳಗಿನ ಟೈರಿನ ವಾಲ್ವು ಕೈಗೆ ಸಿಗುವುದು ಕಷ್ಟವಾದ್ದರಿಂದ ಜನ ಬಿಟ್ಟುಬಿಡುವುದು ಅದನ್ನೇ, ಮತ್ತು ಜೋಡಿಯಲ್ಲಿ ಮೊದಲು ಹೋಗುವುದೂ ಹೆಚ್ಚಾಗಿ ಅದೇ.

ಒಂದು ಮಿತಿಯನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ನಿಗದಿತ ಒತ್ತಡಕ್ಕಿಂತ ಶೇಕಡಾ 20ರಷ್ಟು ಕಡಿಮೆ ಇರುವ ಸ್ಥಿತಿಯಲ್ಲಿ ಓಡಿದ ಟೈರನ್ನು ಗಾಳಿಯಿಲ್ಲದೆ ಓಡಿದ ಟೈರೆಂದೇ ಪರಿಗಣಿಸಬೇಕು. 110ಕ್ಕೆ ಈ ಗೆರೆ 88. ಅದಕ್ಕಿಂತ ಕೆಳಗಿಳಿದ ಸ್ಟೀಲ್ ರೇಡಿಯಲ್‌ಗೆ ನೇರವಾಗಿ ಗಾಳಿ ಹಿಡಿಸಬಾರದು. ರಿಮ್ಮಿನಿಂದ ಬಿಚ್ಚಿ ಒಳಗನ್ನು ಪರೀಕ್ಷಿಸಬೇಕು. ಪಕ್ಕೆಯೊಳಗಿನ ತಂತಿಗಳು ಬಾಗಿ ಬಾಗಿ ಮುರಿದಿದ್ದರೆ, ಗಾಳಿ ತುಂಬುವಾಗಲೇ ಪಕ್ಕೆ ಜಿಪ್ ಬಿಚ್ಚಿದಂತೆ ಉದ್ದಕ್ಕೆ ಸೀಳಿ ಸಿಡಿಯುತ್ತದೆ. ಎದುರಿಗಿದ್ದವರ ಪ್ರಾಣ ಹೋಗುವಷ್ಟು ಬಲ ಅದಕ್ಕಿದೆ. ಇಂಥ ಟೈರಿಗೆ ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಪೈಪಿನಿಂದ, ಪಕ್ಕಕ್ಕೆ ಸರಿದು ನಿಂತು ಗಾಳಿ ಹಿಡಿಸುವ ಅಂಗಡಿಗೇ ಹೋಗಿ.

ಗೇಜಿನ ಬಗ್ಗೆ ಒಂದು ಮಾತು. ದಿನನಿತ್ಯ ಬಳಸುವ ಗೇಜು ನಾಲ್ಕು ಬಾರಿ ಕೆಳಗೆ ಬಿದ್ದರೆ ಐದೋ ಹತ್ತೋ ಪಿಎಸ್ಐ ಸುಳ್ಳು ಹೇಳತೊಡಗುತ್ತದೆ. ಒಂದು ಒಳ್ಳೆಯ ಗೇಜನ್ನು ಕಚೇರಿಯಲ್ಲೇ ಇಟ್ಟು, ತಿಂಗಳ ಮೊದಲ ದಿನ ಉಳಿದವನ್ನು ಒಂದೇ ಟೈರಿನ ಮೇಲೆ ಅದರೊಂದಿಗೆ ಹೋಲಿಸಿ.

ಟ್ರೆಡ್‌ನ ಮೂರು ಅಂಕಿಗಳು ಮತ್ತು ಜಾಗ ಬದಲಾವಣೆ

ತಿಂಗಳಿಗೊಮ್ಮೆ ಟ್ರೆಡ್ ಗೇಜಿನಿಂದ ಪ್ರತಿ ಟೈರಿನ ಹೊರ ಅಂಚು, ನಡು, ಒಳ ಅಂಚು, ಹೀಗೆ ಮೂರು ಕಡೆ ಆಳ ನೋಡಿ ಬರೆಯಿರಿ. 11-11-11 ಎಂದಿದ್ದರೆ ಟೈರು ಸರಿಯಾಗಿ ಸವೆಯುತ್ತಿದೆ. ಎರಡೂ ಅಂಚು ಹೆಚ್ಚು ಸವೆದು 9-11-9 ಆಗಿದ್ದರೆ ಗಾಳಿ ಕಡಿಮೆಯಿಟ್ಟು ಓಡಿಸಲಾಗಿದೆ. ನಡು ಮಾತ್ರ ಸವೆದಿದ್ದರೆ ಗಾಳಿ ಅತಿಯಾಗಿದೆ. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದು 12-12-8 ಎಂದಿದ್ದರೆ ಅಲೈನ್‌ಮೆಂಟ್ ನೋಡಿಸಬೇಕು. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಹಬ್ಬಿನ ಬೇರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ನೋಡಿಸಬೇಕು.

ಜಾಗ ಬದಲಿಸುವುದರಲ್ಲಿ ನಮ್ಮ ಅಭಿಪ್ರಾಯ ಕೆಲವರಿಗಿಂತ ಬೇರೆ. ಇಂತಿಷ್ಟು ಸಾವಿರ ಕಿಲೋಮೀಟರಿಗೆ ಎಲ್ಲವನ್ನೂ ಒಂದು ಸುತ್ತು ಬದಲಿಸುವ ಪದ್ಧತಿ ಕಾಗದದ ಮೇಲೆ ಚೆನ್ನಾಗಿದೆ, ಆದರೆ ಬಿಚ್ಚಿ ಹಾಕುವ ಕೂಲಿಯೂ ಗಾಡಿ ನಿಲ್ಲುವ ಸಮಯವೂ ಖರ್ಚೇ. ಅದಕ್ಕಿಂತ ಮುಖ್ಯವಾಗಿ, ಅಲೈನ್‌ಮೆಂಟ್ ಕೆಟ್ಟ ಗಾಡಿಯಲ್ಲಿ ಟೈರನ್ನು ಮಾತ್ರ ಬದಲಿಸಿದರೆ ಒಂದು ಟೈರಿಗಿದ್ದ ಹಾನಿ ಎರಡಕ್ಕೆ ಹಬ್ಬುತ್ತದೆ. ಆದ್ದರಿಂದ ನಾವು ಮೊದಲು ಕಾರಣವನ್ನು ಸರಿಪಡಿಸಿ, ಆಮೇಲೆ ಟೈರನ್ನು ರಿಮ್ಮಿನ ಮೇಲೆ ತಿರುವಿ ಹಾಕಿಸುತ್ತೇವೆ ಅಥವಾ ಹಿಂದಕ್ಕೆ ಕಳಿಸುತ್ತೇವೆ. ಮೂರು ಅಂಕಿಗಳು ಒಂದಕ್ಕೊಂದು ಹತ್ತಿರವಿರುವ ಟೈರನ್ನು ಮುಟ್ಟುವುದಿಲ್ಲ.

ಹಿಂದಿನ ಜೋಡಿಗಳಲ್ಲಿ ಮಾತ್ರ ಒಂದು ನಿಯಮವನ್ನು ಎಂದೂ ಮೀರಬಾರದು. ಜೋಡಿಯ ಎರಡು ಟೈರುಗಳ ವ್ಯಾಸದಲ್ಲಿ 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಒಂದೇ ಕಂಪನಿಯ, ಒಂದೇ ಮಾದರಿಯ ಟೈರುಗಳಾದರೆ ಟ್ರೆಡ್‌ನ ಆಳದಲ್ಲಿ ಇದು 3 ಮಿಲಿಮೀಟರ್. ಟೇಪು ಸುತ್ತಿ ನೋಡಿದರೆ ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್. ಎರಡು ಚಕ್ರಗಳೂ ಒಂದೇ ಹಬ್ಬಿಗೆ ಬಿಗಿದು ಒಟ್ಟಿಗೆ ತಿರುಗುತ್ತವೆ. 10.00R20 ಅಳತೆಯ ಟೈರು ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ತಿರುಗುವುದರಿಂದ, ಸುತ್ತಳತೆಯ 19 ಮಿಲಿಮೀಟರ್ ಅಂತರವು ಲೆಕ್ಕದ ಪ್ರಕಾರ ಕಿಲೋಮೀಟರಿಗೆ ಐದೂವರೆ ಮೀಟರಿಗಿಂತ ಹೆಚ್ಚಾಗುತ್ತದೆ. ಅಷ್ಟು ದೂರವನ್ನು ಸಣ್ಣ ಟೈರು ರಸ್ತೆಗೆ ಉಜ್ಜಿಕೊಂಡೇ ಕ್ರಮಿಸಬೇಕು. ಅದೇ ಹೊತ್ತಿಗೆ ದೊಡ್ಡ ಟೈರು ತನ್ನ ಪಾಲಿಗಿಂತ ಹೆಚ್ಚು ಭಾರ ಹೊರುತ್ತದೆ. ಅದರಿಂದಲೇ, ಪಂಚರಾದ ರಾತ್ರಿ ಸ್ಟೆಪ್ನಿಯಲ್ಲಿದ್ದ ಹೊಸ ಟೈರನ್ನು ಸವೆದ ಟೈರಿನ ಜೋಡಿಗೆ ಹಾಕಿ ಹಾಗೆಯೇ ತಿಂಗಳುಗಟ್ಟಲೆ ಓಡಿಸುವುದು ನಮ್ಮ ಪುಸ್ತಕದಲ್ಲಿ ಅತಿ ದುಬಾರಿ ಅಭ್ಯಾಸವೆಂದು ಸಾಬೀತಾಗಿದೆ. ಅರ್ಧ ಸವೆದ ಟೈರನ್ನೇ ಸ್ಟೆಪ್ನಿಯಾಗಿ ಇಡಿ.

ರೀಸೋಲ್: ಯಾವಾಗ ಇಳಿಸಬೇಕು, ಹೇಗೆ ಕಳಿಸಬೇಕು

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಲಾರಿ ಟೈರಿನ ಟ್ರೆಡ್ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಆದರೆ ಅದು ರಸ್ತೆಯ ಸುರಕ್ಷತೆಯ ಕೊನೆಯ ಗೆರೆ. ಕೇಸಿಂಗಿನ ಗೆರೆ ಅದಕ್ಕಿಂತ ಮೇಲಿದೆ. ನಾವು ಮೂರು ಅಂಕಿಗಳಲ್ಲಿ ಯಾವುದಾದರೂ ಒಂದು 4 ಮಿಲಿಮೀಟರಿಗೆ ಬಂದ ಕೂಡಲೇ ಇಳಿಸುತ್ತೇವೆ. ರಬ್ಬರು ತೆಳುವಾದ ಮೇಲೆ ಚೂಪು ಕಲ್ಲು ನೇರವಾಗಿ ಒಳಗಿನ ತಂತಿಯ ಬೆಲ್ಟಿಗೆ ತಾಗುತ್ತದೆ. ಆ ತೂತಿನಿಂದ ನೀರು ಇಳಿದು ತಂತಿ ತುಕ್ಕು ಹಿಡಿದರೆ ಹೊಸ ಪಟ್ಟಿ ಹಿಡಿಯುವುದಿಲ್ಲ. ಅಲ್ಲದೆ, ಹಳೆಯ ಟ್ರೆಡ್ಡನ್ನು ಉಜ್ಜಿ ತೆಗೆಯುವ ಬಫಿಂಗ್ ಯಂತ್ರಕ್ಕೆ ಬೆಲ್ಟಿನ ಮೇಲೆ ಒಂದಿಷ್ಟು ರಬ್ಬರು ಉಳಿದಿರಲೇಬೇಕು.

ಕಳಿಸುವ ದಿನ ಎರಡು ಪ್ರತಿ ಚೀಟಿ ಮಾಡಿ. ನಮ್ಮ ನಂಬರು, ಕಂಪನಿಯ ಸೀರಿಯಲ್ ನಂಬರು, ನಾಲ್ಕು ಅಂಕಿಯ ವಾರ–ವರ್ಷ, ಈಗಿರುವ ಪ್ಯಾಚುಗಳ ಸಂಖ್ಯೆ ಮತ್ತು ಜಾಗ, ಎಷ್ಟನೆಯ ರೀಸೋಲ್ ಎಂಬುದನ್ನು ಬರೆದು, ಅಂಗಡಿಯವರ ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಈ ಚೀಟಿ ಶುರುವಾದ ಮೇಲೆ ನಮ್ಮ ಕೇಸಿಂಗ್ ಒಂದೂ ಬದಲಾಗಿಲ್ಲ.

ಕಳಿಸುವ ಮೊದಲು ಟಾರ್ಚ್ ಹಿಡಿದು ಒಳಗನ್ನು ನೀವೇ ನೋಡಿ. ಪಕ್ಕೆಯ ಒಳಭಾಗದಲ್ಲಿ ಸುತ್ತಲೂ ಸುಕ್ಕುಗಟ್ಟಿದ ಅಥವಾ ಬಣ್ಣ ಮಾಸಿದ ಉಂಗುರ ಕಂಡರೆ, ಕೈಯಿಟ್ಟಾಗ ರಬ್ಬರಿನ ಪುಡಿ ಹತ್ತಿದರೆ, ಅದು ಗಾಳಿಯಿಲ್ಲದೆ ಓಡಿದ ಟೈರು. ಅದಕ್ಕೆ ಹಣ ಹಾಕಬೇಡಿ. ಬ್ರೇಕಿನ ಬಿಸಿಗೆ, ರಿಮ್ಮಿನ ಮೇಲೆ ಕೂರುವ ಅಂಚಾದ ಬೀಡ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಹಾಗೆಯೇ. ಉಳಿದದ್ದು ಬಫಿಂಗ್ ಆದ ಮೇಲೆ ತಿಳಿಯುತ್ತದೆ. ಸಾಧ್ಯವಾದರೆ ಆ ಹೊತ್ತಿಗೆ ಅಂಗಡಿಗೆ ಹೋಗಿ. ಉಜ್ಜಿದ ಮೈಯಲ್ಲಿ ತುಕ್ಕಿನ ಕಲೆಗಳು, ಪದರ ಬಿಟ್ಟ ಜಾಗಗಳು ಕಣ್ಣಿಗೇ ಕಾಣುತ್ತವೆ. ಪಟ್ಟಿ ಅಂಟಿಸಿದ ಮೇಲೆ ಯಾವುದೂ ಕಾಣುವುದಿಲ್ಲ. ತಿರಸ್ಕೃತವಾದರೆ ಕಾರಣವನ್ನು ಕೇಳಿ ಪುಟದಲ್ಲಿ ಬರೆಯಿರಿ.

ಮರಳಿ ಬಂದ ಟೈರಿನ ನಂಬರನ್ನು ಚೀಟಿಯೊಂದಿಗೆ ತಾಳೆ ನೋಡಿ, ಪಟ್ಟಿಯ ಅಂಚು ಎಲ್ಲಿಯಾದರೂ ಎದ್ದಿದೆಯೇ, ಎರಡು ತುದಿ ಸೇರುವ ಜೋಡಣೆ ಬಿಗಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಪುಟದಲ್ಲಿ ಒಂದು ಅಡ್ಡಗೆರೆ ಎಳೆದು "ರೀ1" ಎಂದು ಬರೆದು, ಹೊಸ ಟ್ರೆಡ್‌ನ ಆಳ, ಪಟ್ಟಿಯ ಹೆಸರು ಮತ್ತು ಖರ್ಚು ನಮೂದಿಸಿ. ರೀಸೋಲ್ ಟೈರನ್ನು ನಾವು ಮುಂದಿನ ಆಕ್ಸಲಿಗೆ ಹಾಕುವುದಿಲ್ಲ. ಅಲ್ಲಿ ಪಟ್ಟಿ ಕಿತ್ತರೆ ಸ್ಟೇರಿಂಗ್ ಕೈ ತಪ್ಪುತ್ತದೆ.

ಎರಡು ಟೈರುಗಳ ಪುಟಗಳು

ಒಂದೇ ದಿನ, ತಲಾ 22,000 ರೂಪಾಯಿಗೆ ತಂದು, ಒಂದೇ ಲಾರಿಯ ಮುಂದಿನ ಆಕ್ಸಲಿಗೆ ಹಾಕಿದ ಎರಡು ಟೈರುಗಳ ಲೆಕ್ಕವನ್ನು ನೋಡೋಣ. ಅರ್ಥವಾಗಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ನಿಮ್ಮ ಊರಿನ ಬೆಲೆಗಳನ್ನು ಹಾಕಿಕೊಳ್ಳಿ.

21-07 ಮೊದಲ ಆಯುಷ್ಯದಲ್ಲಿ 78,000 ಕಿಲೋಮೀಟರ್ ಓಡಿ 4 ಮಿಲಿಮೀಟರಿಗೆ ಇಳಿಯಿತು. 6,500 ರೂಪಾಯಿಗೆ ರೀಸೋಲ್ ಮಾಡಿಸಿ ಹಿಂದೆ ಹಾಕಿದೆವು, 52,000 ಓಡಿತು. ಮತ್ತೆ 6,500 ಕೊಟ್ಟು ಎರಡನೆಯ ಸಲ ಮಾಡಿಸಿದೆವು, 41,000 ಓಡಿತು. ನಡುವೆ ಪಂಚರ್, ಪ್ಯಾಚುಗಳಿಗೆ 900 ರೂಪಾಯಿ. ಕೊನೆಗೆ ಗುಜರಿಗೆ ಹಾಕಿ 1,500 ಪಡೆದೆವು. ಒಟ್ಟು ಖರ್ಚು 34,400 ರೂಪಾಯಿ, ಒಟ್ಟು ಓಟ 1,71,000 ಕಿಲೋಮೀಟರ್. ಕಿಲೋಮೀಟರಿಗೆ 20 ಪೈಸೆ.

21-08 ಇನ್ನೂ ಚೆನ್ನಾಗಿ ಓಡುತ್ತಿದೆಯೆಂದು ಡ್ರೈವರು ಹೇಳಿದ್ದರಿಂದ ಇಳಿಸಲಿಲ್ಲ. ಅದು 84,000ದವರೆಗೆ ಓಡಿತು, ಅಂದರೆ ತನ್ನ ಜೊತೆಗಾರನಿಗಿಂತ 6,000 ಕಿಲೋಮೀಟರ್ ಹೆಚ್ಚು. ಬಫಿಂಗಿಗೆ ಹೋದಾಗ ಬೆಲ್ಟಿನಲ್ಲಿ ಮೂರು ಕಡೆ ತುಕ್ಕು ಕಂಡು ತಿರಸ್ಕೃತವಾಯಿತು. ಗುಜರಿಯಿಂದ ಬಂದದ್ದು 800. ಉಳಿದ 21,200 ರೂಪಾಯಿಯನ್ನು 84,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 25 ಪೈಸೆಗೆ ಸ್ವಲ್ಪ ಹೆಚ್ಚು. ಈ ದರದಲ್ಲಿ 1,71,000 ಕಿಲೋಮೀಟರ್ ಓಡಿಸಲು ಸುಮಾರು 43,000 ಬೇಕಾಗುತ್ತಿತ್ತು. ಆರು ಸಾವಿರ ಕಿಲೋಮೀಟರಿನ ಆಸೆಗೆ ಎಂಟು ಸಾವಿರಕ್ಕೂ ಹೆಚ್ಚು ರೂಪಾಯಿ ಹೋಯಿತು.

ಲೆಕ್ಕವನ್ನು ಫೋನಿನ ಶೀಟಿನಲ್ಲಿ ಇಡುವವರು ಟೈರಿಗೊಂದು ಸಾಲು ಮಾಡಿ, B ಕಾಲಮಿನಲ್ಲಿ ಖರೀದಿ, C ಯಲ್ಲಿ ಒಟ್ಟು ರೀಸೋಲ್ ಖರ್ಚು, D ಯಲ್ಲಿ ರಿಪೇರಿ, E ಯಲ್ಲಿ ಗುಜರಿಯಿಂದ ಬಂದ ಹಣ, F ನಲ್ಲಿ ಒಟ್ಟು ಓಟ ಹಾಕಿದರೆ ಈ ಸೂತ್ರ ಸಾಕು:

```
=(B2+C2+D2-E2)/F2
```

ಪ್ರತಿ ರೀಸೋಲನ್ನೂ ಬೇರೆಯಾಗಿ ನೋಡುವುದು ಇನ್ನೂ ಉಪಯುಕ್ತ. 21-07ರಲ್ಲಿ ರಿಪೇರಿ ಬಿಟ್ಟರೆ ಮೊದಲ ರೀಸೋಲಿಗೆ ಕಿಲೋಮೀಟರಿಗೆ 12.5 ಪೈಸೆ ಬಿತ್ತು, ಎರಡನೆಯದಕ್ಕೆ ಸುಮಾರು 16 ಪೈಸೆ. ಒಂದೇ ಖರ್ಚಿಗೆ ಓಟ ಇಳಿಯುತ್ತಿದೆ. ಮೂರನೆಯ ಸಲ 26,000 ಕಿಲೋಮೀಟರ್ ಮಾತ್ರ ಓಡಿದರೆ ಹೊಸ ಟೈರಿನ ದರವಾದ 25 ಪೈಸೆಗೇ ಬಂದು ನಿಲ್ಲುತ್ತದೆ. ಹಳೆಯ ಕೇಸಿಂಗು ದಾರಿಯಲ್ಲಿ ಸಿಡಿಯುವ ಭಯ ಬೇರೆ. ಹೀಗಾಗಿ ಅಕ್ಕಿಯ ಲಾರಿಗಳಿಗೆ ಎರಡು ರೀಸೋಲ್‌ಗೆ ನಿಲ್ಲಿಸುತ್ತೇವೆ.

ಟಿಪ್ಪರುಗಳ ಪುಟಗಳು ಹೇಳಿದ್ದು ಬೇರೆಯೇ. ಅಲ್ಲಿಯ ಟೈರುಗಳಲ್ಲಿ ಹೆಚ್ಚಿನವು ಸವೆದು ಮುಗಿಯುವ ಮೊದಲೇ ಹೋಗುತ್ತಿದ್ದವು. ಆದ್ದರಿಂದ ಪ್ರತಿ ಪುಟದ ಕೊನೆಯಲ್ಲಿ "ಏಕೆ ಹೋಯಿತು" ಎಂಬ ಒಂದು ಸಾಲನ್ನು ಸೇರಿಸಿದೆವು: ಸವೆದು, ಪಕ್ಕೆ ಕೊಯ್ದು, ಗಾಳಿಯಿಲ್ಲದೆ ಓಡಿ, ಪಟ್ಟಿ ಕಿತ್ತು, ಬೀಡ್ ಸುಟ್ಟು. ಆರು ತಿಂಗಳ ನಂತರ ಟಿಪ್ಪರುಗಳಿಂದ ಇಳಿದ ಒಂಬತ್ತು ಟೈರುಗಳ ಪುಟಗಳನ್ನು ಒಟ್ಟಿಗೆ ಹರಡಿ ನೋಡಿದಾಗ, ಐದರಲ್ಲಿ "ಪಕ್ಕೆ ಕೊಯ್ದು" ಎಂದಿತ್ತು, ಮತ್ತು ಐದರಲ್ಲಿ ನಾಲ್ಕು ಪುಟಗಳ ಜಾಗ ಹಿಂದಿನ ಜೋಡಿಗಳದ್ದಾಗಿತ್ತು. ಕೊಯ್ತವಿದ್ದದ್ದು ಜೋಡಿಯ ನಡುವಿನ ಬದಿಯಲ್ಲಿ. ಲೋಡಿಂಗ್ ಜಾಗದಲ್ಲಿ ಎರಡು ಟೈರುಗಳ ನಡುವೆ ಸಿಕ್ಕಿಕೊಂಡ ಅದಿರಿನ ಕಲ್ಲು ಗಿಣಿಗೇರಾದವರೆಗೂ ಪಕ್ಕೆಯನ್ನು ಕೊಯ್ಯುತ್ತಾ ಬರುತ್ತಿತ್ತು.

ಆಮೇಲೆ ಎರಡು ಬದಲಾವಣೆ ಮಾಡಿದೆವು. ಲೋಡ್ ಆಗಿ ಮುಖ್ಯ ರಸ್ತೆಗೆ ಬಂದ ಕೂಡಲೇ ಗಾಡಿ ನಿಲ್ಲಿಸಿ, ಕ್ಲೀನರು ನಾಲ್ಕೂ ಜೋಡಿಗಳ ನಡುವೆ ಸಬ್ಬಲ್ ಹಾಕಿ ಕಲ್ಲು ತೆಗೆದೇ ಮುಂದೆ ಹೋಗಬೇಕು. ಇದಕ್ಕೆ ಟ್ರಿಪ್ ಶೀಟಿನಲ್ಲಿ ಒಂದು ಗುರುತು. ಎರಡನೆಯದಾಗಿ, ಟಿಪ್ಪರುಗಳಿಗೆ ದುಬಾರಿ ಟೈರ್ ಹಾಕುವುದನ್ನು ಬಿಟ್ಟು, ಅಕ್ಕಿಯ ಲಾರಿಗಳಲ್ಲಿ ಮೊದಲ ಆಯುಷ್ಯ ಮುಗಿಸಿ ಗಟ್ಟಿಯಾಗಿ ಉಳಿದ ಕೇಸಿಂಗುಗಳಲ್ಲಿ ಕೆಲವನ್ನು ಒಂದು ಸಲ ರೀಸೋಲ್ ಮಾಡಿಸಿ ಅವುಗಳ ಹಿಂದಿನ ಜಾಗಗಳಿಗೆ ಕೊಡುತ್ತಿದ್ದೇವೆ. ಕೊಯ್ದು ಹೋದರೂ ಹೋಗುವುದು ಈಗಾಗಲೇ ತನ್ನ ಬೆಲೆಯ ಬಹುಪಾಲನ್ನು ದುಡಿದು ಕೊಟ್ಟಿರುವ ಟೈರು. ಮುಂದಿನ ಆರು ತಿಂಗಳಲ್ಲಿ ಟಿಪ್ಪರುಗಳಿಂದ ಇಳಿದ ಟೈರುಗಳಲ್ಲಿ "ಪಕ್ಕೆ ಕೊಯ್ದು" ಎಂದು ಬರೆದದ್ದು ಎರಡೇ ಪುಟಗಳಲ್ಲಿ.